ಏಕಾದಶಿಯ ದಿನ ಭಾಲ್ಕಿ ಬಸ್ಸು

ಧೊಂಡಿಬಾ ತೀರಿಕೊಂಡ ಸುದ್ದಿ ಮೈಲೂರಿನ ನನ್ನ ಮನೆಗೆ ಬೆಳಿಗ್ಗೆ ಬಂತು. ಮಧ್ಯಾಹ್ನದೊಳಗೆ ಭಾಲ್ಕಿ ಸೇರಿದೆ. ಅಂಗಳದಲ್ಲಿ ಅವನನ್ನು ಮಲಗಿಸಿದ್ದರು, ಕೊರಳಲ್ಲಿ ಅವನು ಎಂದೂ ತೆಗೆಯದ ತುಳಸಿ ಮಾಲೆ. ನಮ್ಮ ಬಸ್ ಡಿಪೊದ ಹಳೆಯ ಕಂಟ್ರೋಲರ್ ಮಚ್ಛೇಂದ್ರ ಗೋಡೆಗೆ ಒರಗಿ ಎಲೆಯಡಿಕೆ ಜಗಿಯುತ್ತ, "ಕುಡದು ಕುಡದು ಹೋದ್ನರಿ" ಎಂದು ಪಕ್ಕದವನಿಗೆ ಹೇಳುತ್ತಿದ್ದ. ಇಂಥವರಿಗೆ ಹೆಣವೂ ಎಲೆಯಡಿಕೆಯೇ, ಜಗಿದು ಉಗುಳಲು.

ಎಷ್ಟೋ ವರ್ಷಗಳ ಹಿಂದಿನ ಮಾತು. ಆ ಬರದ ವರ್ಷ ಔರಾದದ ಬಸ್ಸುಗಳ ತುಂಬ ಗುಳೆ ಹೊರಟವರು, ಕೂಸುಗಳು, ಪಾತ್ರೆ ಗಂಟುಗಳು. ಧೊಂಡಿಬಾ ಚಾಲಕ, ನಾನು ನಿರ್ವಾಹಕ. ಏಕಾದಶಿಯಂದು ಭಾಲ್ಕಿಯ ಹತ್ತಿರ ಗಾಡಿ ರಸ್ತೆ ಬಿಟ್ಟು ಬಲಕ್ಕೆ ಎಳೆಯಿತು. ನಾನು ಕೂಗಿದ ಮೇಲೆ ನಿಲ್ಲಿಸಿದ. ಮೈತುಂಬ ಬೆವರು, ಕೈ ನಡುಕ. ಮಾತು ತೊದಲುತ್ತಿತ್ತು. ಹಿಂದಿನ ಏಕಾದಶಿಗೂ ಒಂದು ನಿಲ್ದಾಣ ಮರೆತಿದ್ದ.

ಅವನನ್ನು ಸ್ಟೇರಿಂಗ್ ಮುಟ್ಟಗೊಡದೆ ಡಿಪೊಗೆ ಫೋನ್ ಮಾಡಿದೆ. ಮ್ಯಾನೇಜರ್ ಅಯ್ಯುಬ ಸಾಹೇಬರು ಇನ್ನೊಬ್ಬ ಚಾಲಕನೊಂದಿಗೆ ಜೀಪಿನಲ್ಲಿ ಬಂದು, ನನ್ನನ್ನು ಜನರಿಂದ ದೂರ ಕರೆದರು.

"ಕುಡದಾನೇನು?"

"ವಾಸನಿ ಬಂದಿಲ್ಲರಿ ಸಾಹೇಬ್ರ. ಕುಡದಾನ ಅಂತ ಅನ್ಲಾಕ ಬರಲ್ಲ, ಜಡ್ಡ ಅಂತನೂ ಅನ್ಲಾಕ ಬರಲ್ಲ. ಕಣ್ಣಿಗಿ ಕಂಡಿದ್ದಷ್ಟೇ ಹೇಳ್ತೇನಿ."

ಕಂಡದ್ದನ್ನೆಲ್ಲ ಹೇಳಿದೆ. ಕುಡಿತ ಹಿಡಿಯುವ ಉಸಿರಿನ ಯಂತ್ರ ಸೊನ್ನೆ ತೋರಿಸಿತು. ಕೂಡಲೇ ಆಸ್ಪತ್ರೆಗೆ ಒಯ್ದರು. ರಕ್ತದಲ್ಲಿ ಸಕ್ಕರೆ ತೀರ ಇಳಿದಿತ್ತು. ಏಕಾದಶಿಗೆ ನೀರೂ ಮುಟ್ಟದವನು ಸಕ್ಕರೆ ಕಾಯಿಲೆಯ ಗುಳಿಗೆಯನ್ನು ಮಾತ್ರ ತಪ್ಪದೆ ನುಂಗುತ್ತಿದ್ದ.

"ಗುಳಿಗಿ ಏನ್ ಅನ್ನ ಅದೇನ್ರಿ, ಉಪವಾಸ ಮುರಿಲಾಕ?" ಎಂದನಂತೆ ಡಾಕ್ಟರಿಗೆ.

ಚೇತರಿಸಿಕೊಂಡ ಮೇಲೆ ಸಾಹೇಬರು ಅವನೊಬ್ಬನನ್ನೇ ಕೂರಿಸಿಕೊಂಡು ಅವನ ಮಾತನ್ನೂ ಕೇಳಿದರು. ಡಾಕ್ಟರ್ ಯೋಗ್ಯನೆಂದು ಬರೆದುಕೊಡುವವರೆಗೆ ಡಿಪೊದ ಒಳಗಿನ ಕೆಲಸ ಕೊಟ್ಟರು. ಗಾಡಿ ತಡೆದೆನೆಂದು ಕೆಲವು ದಿನ ಧೊಂಡಿಬಾ ನನ್ನ ಮೇಲೆ ಮುನಿಸಿಕೊಂಡ. ಆಮೇಲೆ ಮತ್ತೆ ಗಾಡಿ ಹತ್ತಿದ, ಗುಳಿಗೆ ನುಂಗಿದರೆ ಉಂಡೇ ಹತ್ತಿದ.

ಕ್ಯಾಂಟೀನಿನಲ್ಲಿ ಮಚ್ಛೇಂದ್ರ ನನ್ನನ್ನು ಹಿಡಿದು, "ಏನಾಗಿತ್ತಪಾ ನಿಮ್ಮ ಸಂತಗ? ಮಾಲಿ ಹಾಕ್ಕೊಂಡು ಬಾಟ್ಲಿ?" ಎಂದು ಕೆದಕಿದ.

"ಅವನ್ನೇ ಕೇಳು" ಎಂದೆ.

ಕೇಳುವಷ್ಟು ಗಂಡಸುತನ ಅವನಿಗಿರಲಿಲ್ಲ. ನಾವು ಮುಚ್ಚಿಟ್ಟ ಕಾಯಿಲೆಯ ಜಾಗದಲ್ಲಿ ಆ ನೀಚ ಹೆಂಡದ ಕತೆ ಸುರಿದ, ಇಷ್ಟು ವರ್ಷ ಅದನ್ನೇ ಹಂಚಿದ.

ಈಗ ಅಂಗಳದಲ್ಲೂ ನಾನು ಬಾಯಿ ಬಿಡಲಿಲ್ಲ. ಕಾಯಿಲೆ ಅವನದು, ಹೇಳುವ ಹಕ್ಕು ನನ್ನದಲ್ಲ. ಧೊಂಡಿಬಾನ ಹೆಂಡತಿ ಸುಭದ್ರಾಬಾಯಿ ಹೆಣದ ಪಕ್ಕದಿಂದ ಎದ್ದಳು.

"ಮಚ್ಛೇಂದ್ರಣ್ಣ, ಅವ್ರಿಗಿ ಶಕ್ಕರಿ ಬ್ಯಾನಿ ಇತ್ತು. ಹೆಂಡ ಅಲ್ಲ. ಈ ಅಣ್ಣಾ ಅವತ್ತ ಗಾಡಿ ತಡದಿದ್ದಕ್ಕ ಇಷ್ಟ ವರ್ಷ ನನ್ನ ಕುಂಕುಮ ಉಳೀತು. ಎಲಿ ಉಗುಳಿ ಬಂದು ಅವ್ರ ಕಾಲ ಮುಟ್ರಿ, ಇಲ್ಲಾಂದ್ರ ಹೋಗ್ರಿ."

ಉಗುಳಲು ಹೊರಗೆ ಹೋದವನು ತಿರುಗಿ ಬರಲಿಲ್ಲ.

ಪಾಂಡುರಂಗಾ, ನಿನಗಾಗಿ ಎಷ್ಟೋ ಏಕಾದಶಿ ಹಸಿದವನು ನಿನ್ನ ಹತ್ತಿರ ಬಂದಿದ್ದಾನೆ. ಉಣಿಸಿ ಮಲಗಿಸಪ್ಪಾ, ಅವನ ಜೀವಕ್ಕೆ ಶಾಂತಿ ಕೊಡು.