ಮಧ್ಯೆ ಬಿಟ್ಟವರು ಒಬ್ಬರು

ಆ ಶಾಲೆಯಲ್ಲಿ ವರ್ಷಕ್ಕೊಮ್ಮೆ ಒಬ್ಬ ಪೊಲೀಸ್ ಅಧಿಕಾರಿ ಬಂದು, ಕಪ್ಪಾದ ಶ್ವಾಸಕೋಶದ ಚಿತ್ರ ತೋರಿಸಿ, ಮಕ್ಕಳಿಂದ ಪ್ರತಿಜ್ಞೆ ಮಾಡಿಸಿ, ಟೀ ಕುಡಿದು ಹೋಗುತ್ತಿದ್ದರು. ಚಿತ್ರ ಬಂದಾಗ ಹಿಂದಿನ ಬೆಂಚಿನವರು ಪಕ್ಕದವನ ತಿಂಡಿ ಡಬ್ಬಿಗೆ ಅದನ್ನು ಹೋಲಿಸಿ ನಗುತ್ತಿದ್ದರು. ವಿಜ್ಞಾನದ ಟೀಚರಿಗೆ ಅದನ್ನು ನೋಡಿ ನೋಡಿ ಸಾಕಾಗಿತ್ತು. ಹಾಗಾಗಿಯೇ, ನಲವತ್ತೆರಡನೆಯ ವಯಸ್ಸಿನಲ್ಲಿ ಆಪ್ತಸಮಾಲೋಚನೆಯ ಡಿಪ್ಲೊಮಾಕ್ಕೆ ಸೇರಿದಾಗ, ಟರ್ಮ್ ಪೇಪರ್‌ಗೆ ಅವರು ಆರಿಸಿಕೊಂಡದ್ದು ಜೀವನ ಕೌಶಲ ಶಿಕ್ಷಣ: ಹದಿಹರೆಯದವರನ್ನು ಅಮಲಿನಿಂದ ದೂರವಿಡಲು ಅದು ಎಷ್ಟು ಕೆಲಸಕ್ಕೆ ಬರುತ್ತದೆ ಎಂಬುದು.

ಓದುತ್ತಾ ಹೋದಂತೆ ಅವರಿಗೆ ಹುರುಪು ಬಂತು. ಹೆದರಿಸುವುದರಿಂದ, ಬರೀ ಮಾಹಿತಿ ಕೊಡುವುದರಿಂದ ಮಕ್ಕಳ ನಡವಳಿಕೆ ಬದಲಾಗುವುದಿಲ್ಲ ಎಂದು ಸಂಶೋಧನೆಗಳೇ ಹೇಳುತ್ತಿದ್ದವು. ತನ್ನನ್ನು ತಾನು ಅರಿಯುವುದು, ಯೋಚಿಸಿ ತೀರ್ಮಾನಿಸುವುದು, ಸಿಟ್ಟು ಸಂಕಟಗಳನ್ನು ನಿಭಾಯಿಸುವುದು, ಬೇಡ ಎನ್ನುವುದು – ಇವನ್ನು ಮಕ್ಕಳೇ ಆಡಿ, ಅಭಿನಯಿಸಿ ಕಲಿಯಬೇಕು. ಹಾಗೆ ಕಲಿತ ಕಡೆ ಬಳಕೆ ಸ್ವಲ್ಪ ಇಳಿದಿತ್ತು. ತುಂಬ ಅಲ್ಲ, ಸ್ವಲ್ಪ. ಅದೂ ಎಲ್ಲ ತರಗತಿಗಳನ್ನೂ ಹೇಳಿದ ಹಾಗೆ ನಡೆಸಿದರೆ, ಮುಂದಿನ ವರ್ಷ ಮತ್ತೊಮ್ಮೆ ನೆನಪು ಮಾಡಿಸಿದರೆ. ಆಗಲೇ ಚಟಕ್ಕೆ ಬಿದ್ದವರಿಗೆ ಇದು ಸಾಲದು, ಅವರಿಗೆ ಬೇರೆಯೇ ನೆರವು ಬೇಕು ಎಂದೂ ಬರೆದಿತ್ತು. ಟೀಚರು ಆ ಸಾಲಿನ ಅಡಿಗೆ ಪೆನ್ಸಿಲ್ ಗೆರೆ ಎಳೆದು ಮುಂದಿನ ಪುಟಕ್ಕೆ ಹೋದರು.

ಒಂಬತ್ತನೆಯ ತರಗತಿಯ ಒಂದು ಸೆಕ್ಷನ್ನಿನ ನಲವತ್ತಮೂರು ಮಕ್ಕಳಿಗೆ ಹತ್ತು ಅವಧಿ ಎಂದು ನಿಗದಿಯಾಯಿತು. ಮೊದಲ ದಿನ ಪ್ರಶ್ನಾವಳಿ ಹಂಚಿದರು. ಹೆಸರು ಬರೆಯುವಂತಿಲ್ಲ, ಅಮ್ಮನ ಹೆಸರಿನ ಮೊದಲ ಅಕ್ಷರ, ಹುಟ್ಟಿದ ತಾರೀಕು ಸೇರಿಸಿ ಒಂದು ಗುರುತು ಹಾಕಬೇಕು, ಕೊನೆಯಲ್ಲಿ ಮತ್ತೆ ಅದೇ ಗುರುತು ಹಾಕಿದರೆ ಮೊದಲಿನ ಹಾಳೆಯೊಂದಿಗೆ ಹೋಲಿಸಬಹುದು. "ಯಾರು ಏನು ಬರೆದ್ರೂ ಯಾರಿಗೂ ಹೇಳಲ್ಲ, ನನ್ನಾಣೆ," ಎಂದರು ಟೀಚರು. "ನಿಮ್ಮಾಣೆ ಇಟ್ರೆ ನಮಗೇನ್ ನಷ್ಟ ಮಿಸ್?" ಎಂದು ಮೂರನೆಯ ಬೆಂಚಿನಿಂದ ದನಿ ಬಂತು. ತರಗತಿ ಹೋ ಎಂದಿತು.

ಅವಳು ಲಾಯರಮ್ಮ. ಎಲ್ಲದಕ್ಕೂ ವಾದ ಹೂಡುತ್ತಿದ್ದುದರಿಂದ ಬಂದ ಹೆಸರು. ಹದಿನಾಲ್ಕು ವರ್ಷ, ಕಡ್ಡಿಯಂಥ ಮೈ, ಮಾತು ಮಾತ್ರ ಮಾರುದ್ದ.

ಸಂಜೆ ಸ್ಟಾಫ್ ರೂಮಿನಲ್ಲಿ ಹಾಳೆಗಳನ್ನು ಎಣಿಸುವಾಗ, ಹೋದ ತಿಂಗಳು ಏನಾದರೂ ಅಮಲು ತೆಗೆದುಕೊಂಡಿದ್ದೀರಾ ಎಂಬ ಪ್ರಶ್ನೆಗೆ ನಾಲ್ವರು ಹೌದೆಂದಿದ್ದರು. ಮೂವರದು ಒಂದೆರಡು ಸಲದ ಬೀಡಿ ಸಿಗರೇಟು. ನಾಲ್ಕನೆಯ ಹಾಳೆಯಲ್ಲಿ 'ಅಂಟು, ಸಲ್ಯೂಷನ್ ಮೂಸುವುದು' ಎಂಬುದರ ಮುಂದೆ 'ಇಪ್ಪತ್ತು ದಿನಕ್ಕಿಂತ ಹೆಚ್ಚು' ಎಂದು ಗುರುತಿತ್ತು. ಯಾಕೆ ಎಂಬಲ್ಲಿ ಸ್ನೇಹಿತರ ಒತ್ತಾಯ, ಕುತೂಹಲ, ಮಜಾ, ಬೇಸರ – ನಾಲ್ಕನ್ನೂ ಹೊಡೆದು ಹಾಕಿ, ಪಕ್ಕದಲ್ಲಿ 'ಇದರಲ್ಲಿ ಯಾವುದೂ ಸರಿಯಿಲ್ಲ. ಕೆಲಸ' ಎಂದು ಬರೆದಿತ್ತು. ಪ್ರಶ್ನೆಪತ್ರಿಕೆಯ ಜೊತೆಗೇ ಜಗಳಕ್ಕೆ ನಿಲ್ಲುವವಳು ಆ ತರಗತಿಯಲ್ಲಿ ಒಬ್ಬಳೇ.

ಮರುದಿನವೇ ಟೀಚರು ತಮ್ಮ ಡಿಪ್ಲೊಮಾದ ಗೈಡ್ ಕೋಣೆಗೆ ಓಡಿದರು. ಗೈಡ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಮಾತು ಕೊಟ್ಟಿದೀರಲ್ಲಮ್ಮ. ಗುರುತು ಹಿಡಿದೆ ಅಂತ ಹೋಗಿ ಕೇಳಿದ್ರೆ ನಾಳೆ ಯಾವ ಮಗುನೂ ನಿಜ ಬರೆಯಲ್ಲ. ಇಂಥವರನ್ನ ಯಾರ ಹತ್ರ ಕಳಿಸ್ತೀರಿ ಅಂತ ಮೊದಲೇ ಬರ್ಕೊಂಡಿರ್ಬೇಕಲ್ಲ?"

"ಬರೆದಿದೀನಿ ಸಾರ್. ಶಾಲೆಯ ಆಪ್ತಸಮಾಲೋಚಕರ ಹತ್ರ ಅಂತ."

"ಅವರ್ಯಾರು?"

"ನಾನೇ."

ಗೈಡ್ ನಗಲಿಲ್ಲ. "ಹಾಗಾದ್ರೆ ಇಡೀ ಕ್ಲಾಸಿಗೆ ಹೇಳಿ, ಯಾರಿಗೆ ಬೇಕಾದ್ರೂ ನನ್ನ ಹತ್ರ ಬರಬಹುದು ಅಂತ. ಒಬ್ಬಳನ್ನೇ ಬೊಟ್ಟು ಮಾಡ್ಬೇಡಿ. ಬಂದ್ರೆ ಆಸ್ಪತ್ರೆ ದಾರಿ ಹಿಡಿಸಿ."

ಹಾಗೇ ಹೇಳಿದರು. ಮಧ್ಯಾಹ್ನದ ಬಿಡುವಿನಲ್ಲಿ ಪ್ರಯೋಗಾಲಯದ ಬಾಗಿಲು ತೆರೆದಿಟ್ಟು ಎರಡು ವಾರ ಕಾದರು. ಇಬ್ಬರು ಪ್ರೀತಿ ಪ್ರೇಮದ ಗೋಳು ಹೇಳಿಕೊಂಡು ಬಂದರು. ಲಾಯರಮ್ಮ ಬರಲಿಲ್ಲ.

ಆದರೆ ತರಗತಿಯಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. 'ಬೇಡ ಎನ್ನುವ ಕಲೆ'ಯ ದಿನ, ಹುಡುಗನೊಬ್ಬ ಸಿಗರೇಟಿನಂತೆ ಚಾಕ್ ಹಿಡಿದು ಎಷ್ಟು ಪೂಸಿ ಹೊಡೆದರೂ ಅವಳು ಮಣಿಯಲಿಲ್ಲ. ಕಣ್ಣಲ್ಲಿ ಕಣ್ಣಿಟ್ಟು, ದನಿ ಏರಿಸದೆ, ಮಾತು ತಿರುಗಿಸಿ, ಕೊನೆಗೆ "ನಿನ್ನ ಚಾಕ್‌ಪೀಸು ನಿನ್ನ ಹತ್ರನೇ ಇರ್ಲಿ ಮಾರಾಯ, ನನಗೆ ಬೋರ್ಡು ಸಿಕ್ರೆ ಸಾಕು," ಎಂದು ನಡೆದೇಬಿಟ್ಟಳು. ಟೀಚರು ತಮ್ಮ ವೀಕ್ಷಣಾ ಪಟ್ಟಿಯಲ್ಲಿ ಅವಳಿಗೆ ಐದಕ್ಕೆ ಐದು ಹಾಕಿದರು. ಹಾಕುವಾಗ ಕೈ ಒಂದು ಕ್ಷಣ ನಿಂತಿತು.

ಐದನೆಯ ಅವಧಿಯ ಕೊನೆಯಲ್ಲಿ ಅವಳು ಎದ್ದು ನಿಂತಳು. "ಮಿಸ್, ನಿಮ್ಮ ನಾಟಕದಲ್ಲಿ ಯಾವಾಗ್ಲೂ ಬೇರೆ ಯಾರೋ ಬಂದು ಕೊಡ್ತಾರೆ. ಯಾರೂ ಕೊಡ್ದೆ, ಅದು ಮನೇಲೇ ಇದ್ರೆ ಯಾರಿಗೆ ಬೇಡ ಅನ್ಬೇಕು?"

ಗಂಟೆ ಹೊಡೆಯಿತು. ಗಣಿತದ ಮೇಷ್ಟ್ರು ಬಾಗಿಲಲ್ಲಿ ಕೆಮ್ಮಿದರು.

"ಒಳ್ಳೇ ಪ್ರಶ್ನೆ. ಮುಂದಿನ ಕ್ಲಾಸಿನಲ್ಲಿ ಅದೇ ತಗೊಳೋಣ," ಎಂದರು ಟೀಚರು.

ಮುಂದಿನ ಕ್ಲಾಸು ನಡೆಯಲಿಲ್ಲ. ಪರೀಕ್ಷೆ ತಲೆಯ ಮೇಲೆ ಬಂದಿದೆಯೆಂದು ಮುಖ್ಯೋಪಾಧ್ಯಾಯಿನಿ ಅವಧಿಗಳನ್ನು ಕಿತ್ತುಕೊಂಡರು. "ರಿಸಲ್ಟ್ ಬಿದ್ರೆ ನಿಮ್ಮ ಕೌಶಲ ನನ್ನ ಕೈ ಹಿಡಿಯುತ್ತೇನ್ರೀ? ಉಳಿದ ಐದನ್ನೂ ಒಂದೇ ಶನಿವಾರ ಮುಗಿಸಿಬಿಡಿ. ಮೂರು ಸೆಕ್ಷನ್ನೂ ಸೇರಿಸಿ, ಮೈಕ್ ಕೊಡ್ತೀನಿ."

"ಹಾಗೆ ಮಾಡಿದ್ರೆ ಇದು ಕೆಲಸ ಮಾಡಲ್ಲ ಮೇಡಂ. ಸಣ್ಣ ಸಣ್ಣ ಗುಂಪಲ್ಲಿ ಮಕ್ಕಳೇ ಮಾಡ್ಬೇಕು."

"ಮತ್ತೆ ಬಿಟ್ಟುಬಿಡಿ ಹಾಗಾದ್ರೆ."

ಬಿಡಲಾಗಲಿಲ್ಲ. ಪೇಪರ್ ಕೊಡುವ ದಿನ ಹತ್ತಿರ ಬಂದಿತ್ತು. ಶನಿವಾರ ಸಭಾಂಗಣದಲ್ಲಿ ನೂರಿಪ್ಪತ್ತು ಮಕ್ಕಳೆದುರು ಟೀಚರು ಮೂರು ಗಂಟೆ ಮೈಕಿನಲ್ಲಿ ಮಾತಾಡಿದರು. ಒತ್ತಡ ನಿಭಾಯಿಸುವುದು ಹೇಗೆಂದು ಹೇಳುತ್ತಿದ್ದಾಗ ಹಿಂದಿನ ಸಾಲಿನವರು ಆಕಳಿಸುತ್ತಿದ್ದರು. ಪೊಲೀಸ್ ಅಧಿಕಾರಿಗೂ ತಮಗೂ ಇದ್ದ ವ್ಯತ್ಯಾಸ ಟೋಪಿ ಮಾತ್ರ ಎನಿಸಿತು. ಲಾಯರಮ್ಮ ಅಂದು ಬಂದಿರಲಿಲ್ಲ. ಆ ವಾರವೂ ಬರಲಿಲ್ಲ, ಮುಂದಿನ ವಾರವೂ.

ಕೊನೆಯ ಪ್ರಶ್ನಾವಳಿಗೆ ನಲವತ್ತೆರಡು ಹಾಳೆ ಬಂದವು. ಹೋದ ತಿಂಗಳು ಅಮಲು ತೆಗೆದುಕೊಂಡವರು ಮೂವರು. ನಾಲ್ಕಿದ್ದದ್ದು ಮೂರಾಗಿತ್ತು. ಜ್ಞಾನದ ಅಂಕವೂ ಏರಿತ್ತು. ಟೀಚರು ಗುರುತುಗಳನ್ನು ಜೋಡಿಸಿ ನೋಡಿದರು. ಬೀಡಿ ಸಿಗರೇಟಿನ ಮೂವರೂ ಇದ್ದಲ್ಲೇ ಇದ್ದರು. ಇಳಿದದ್ದು ಬಾರದೆ ಹೋದವಳಿಂದ.

ಅಂದೇ ಹಾಜರಿ ಪುಸ್ತಕದಿಂದ ವಿಳಾಸ ಬರೆದುಕೊಂಡು ಹೊರಟರು. ಗುರುತಿನ ಹಾಳೆಯ ಮಾತೆತ್ತುವಂತಿರಲಿಲ್ಲ. ಶಾಲೆಗೆ ಬಾರದ ಮಗುವನ್ನು ವಿಚಾರಿಸಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಇದು ಎರಡು ವಾರ ಮೊದಲೇ ಹೊಳೆಯಬಾರದಿತ್ತೇ ಎಂದು ದಾರಿಯುದ್ದಕ್ಕೂ ತಮ್ಮನ್ನೇ ಬೈದುಕೊಂಡರು.

ಒಂದೇ ಕೋಣೆಯ ಮನೆ. ಗೋಡೆಯ ತುಂಬ ಚಪ್ಪಲಿಯ ಅಟ್ಟೆಗಳು, ನೆಲದ ಮೇಲೆ ಅಂಟಿನ ತೆರೆದ ಡಬ್ಬ, ಅದರಲ್ಲಿ ಬ್ರಷ್. ಕಿಟಕಿ ಮುಚ್ಚಿತ್ತು. ಒಳಗೆ ಕಾಲಿಟ್ಟ ಕೂಡಲೇ ಟೀಚರಿಗೆ ತಲೆ ಧಿಮ್ಮೆಂದಿತು.

"ಕಿಟಕಿ ತೆಗೀಬಾರ್ದೇನಮ್ಮ?"

"ಧೂಳು ಕೂತ್ರೆ ಅಟ್ಟೆ ಕಚ್ಚಲ್ಲ ಟೀಚರೇ. ಕೆಲಸ ಕೊಟ್ಟೋರು ವಾಪಸ್ ಕಳಿಸ್ತಾರೆ," ಎಂದಳು ತಾಯಿ, ಬ್ರಷ್ ನಿಲ್ಲಿಸದೆ.

ಲಾಯರಮ್ಮ ಗೋಡೆಗೊರಗಿ ಕೂತು ಅಟ್ಟೆಗೆ ಅಂಟು ಬಳಿಯುತ್ತಿದ್ದಳು. ಬಾಯಿಯ ಸುತ್ತ ಕೆಂಪು ಗುಳ್ಳೆ. ಟೀಚರನ್ನು ನೋಡಿ ನಗಲು ಅವಳಿಗೆ ಸ್ವಲ್ಪ ಹೊತ್ತೇ ಹಿಡಿಯಿತು.

"ಏಳಕ್ಕಾಗಲ್ಲ ಮಿಸ್. ಕಾಲು ಜೋಮು ಹಿಡಿದಂಗೆ. ಒಂದು ತಿಂಗಳಾಯ್ತು, ಬಿಡ್ತಾನೇ ಇಲ್ಲ."

"ಯಾವಾಗಿಂದ ಈ ಕೆಲಸ ಮಾಡ್ತಿದೀಯ?"

"ಏಳನೇ ಕ್ಲಾಸಿಂದ. ಮೊದಮೊದಲು ತಲೆನೋವು ಬರ್ತಿತ್ತು. ಆಮೇಲೆ ಹತ್ತಿರ ಹಿಡ್ಕೊಂಡ್ರೆ ನೋವು ಹೋಗ್ತಿತ್ತು. ಹಸಿವೂ. ಬೇಗ ಬೇಗ ಕೆಲಸ ಆಗ್ತಿತ್ತು." ಅವಳು ತಾಯಿಯ ಕಡೆ ನೋಡಲಿಲ್ಲ. "ಈಗ ಇಲ್ಲದಿದ್ರೆ ಆಗಲ್ಲ."

ತಾಯಿಯ ಕೈ ನಿಂತಿತು. "ನಾನೇನು ಕುಡುಕಿ ಮಗಳನ್ನ ಸಾಕಿದೀನಾ ಟೀಚರೇ? ಬೀದಿಗೆ ಬಿಟ್ಟಿಲ್ಲ, ಕೆಟ್ಟವರ ಸಹವಾಸಕ್ಕೆ ಬಿಟ್ಟಿಲ್ಲ. ಕಣ್ಣೆದುರೇ ಇಟ್ಕೊಂಡಿದೀನಿ."

ಅದು ಸುಳ್ಳಾಗಿರಲಿಲ್ಲ.

ಮರುದಿನ ಇಬ್ಬರನ್ನೂ ಆಸ್ಪತ್ರೆಗೆ ಕರೆದೊಯ್ದರು. ಚಟ ಬಿಡಿಸುವ ವಿಭಾಗದಲ್ಲಿದ್ದ ಹಾಸಿಗೆಗಳೆಲ್ಲ ಗಂಡಸರವು. ಹುಡುಗಿಯರನ್ನು ಸೇರಿಸಿಕೊಳ್ಳುವ ವ್ಯವಸ್ಥೆ ಇರಲಿಲ್ಲ, ವಾರಕ್ಕೊಮ್ಮೆ ಹೊರರೋಗಿಯಾಗಿ ಬರಬಹುದು ಎಂದರು. ನರಗಳ ಡಾಕ್ಟರು ಅವಳ ಪಾದಕ್ಕೆ ಸೂಜಿಯ ತುದಿ ಮುಟ್ಟಿಸಿ, ಮಂಡಿ ತಟ್ಟಿ ನೋಡಿದರು.

"ಅಂಟಿನಲ್ಲಿರೋ ದ್ರಾವಕ ನರಕ್ಕೆ ಹೊಡೆದಿದೆ. ಮೂಸಿದ್ದು, ಮುಚ್ಚಿದ ಕೋಣೆಯ ಗಾಳಿ, ಎರಡೂ ಸೇರಿ. ಇದಕ್ಕೆ ಔಷಧಿ ಅಂತ ಇಲ್ಲ, ಅದರಿಂದ ದೂರ ಇರೋದೇ ಔಷಧಿ. ನಿಲ್ಲಿಸಿದ ಮೇಲೂ ಕೆಲವು ವಾರ ಜಾಸ್ತಿ ಆಗುತ್ತೆ, ಹೆದರಬೇಡಿ. ಆಮೇಲೆ ನಿಧಾನಕ್ಕೆ ಸುಧಾರಿಸಬಹುದು. ಪೂರ್ತಿ ಅಂತ ಹೇಳಕ್ಕಾಗಲ್ಲ."

"ದೂರ ಅಂದ್ರೆ ಎಷ್ಟು ದೂರ ಡಾಕ್ಟ್ರೇ?" ಎಂದಳು ತಾಯಿ. "ನಾವು ಮಲಗೋದೂ ಅಲ್ಲೇ."

ಡಾಕ್ಟರು ಚೀಟಿಯ ಮೇಲೆ ಏನೋ ಬರೆಯುತ್ತಲೇ ಇದ್ದರು.

ಟೀಚರು ಸಿಕ್ಕಸಿಕ್ಕ ಕಡೆ ಫೋನ್ ಮಾಡಿದರು. ಮಕ್ಕಳ ರಕ್ಷಣಾ ಕಚೇರಿಯವರು ದೂರು ಬರೆದುಕೊಂಡರು. ಹೆಣ್ಣುಮಕ್ಕಳ ಹಾಸ್ಟೆಲಿನವರು ಮೆಟ್ಟಿಲು ಹತ್ತಲಾಗದವಳನ್ನು ಹೇಗೆ ಇಟ್ಟುಕೊಳ್ಳುವುದು ಎಂದರು. ತಮ್ಮ ಮನೆಗೇ ಕರೆತರುತ್ತೇನೆಂದಾಗ ತಾಯಿ ಕೈಮುಗಿದು, "ನಿಮ್ಮ ಋಣ ದೊಡ್ಡದು. ಆದ್ರೆ ಅವಳ ಕೈ ಇಲ್ಲದೆ ನಾನೊಬ್ಬಳೇ ದಿನಕ್ಕೆ ಇಷ್ಟು ಜೊತೆ ಚಪ್ಪಲಿ ಕೊಡಕ್ಕಾಗಲ್ಲ. ಕೆಲಸ ತಪ್ಪಿದ್ರೆ ಈ ಕೋಣೆನೂ ತಪ್ಪುತ್ತೆ," ಎಂದಳು. ಕಿಟಕಿ ಮಾತ್ರ ಬೆಳಿಗ್ಗೆ ಒಂದು ಗಂಟೆ ಹೊತ್ತು ತೆರೆದಿಡಲು ಒಪ್ಪಿದಳು.

ಪೇಪರಿನಲ್ಲಿ ಟೀಚರು ಎರಡು ಲೆಕ್ಕ ಕೊಟ್ಟರು. ಆಯಾ ದಿನ ಬಂದ ಹಾಳೆಗಳನ್ನಷ್ಟೇ ಎಣಿಸಿದರೆ, ಮೊದಲು ನಾಲ್ಕು, ಈಗ ಮೂರು. ಬಾರದವಳು ಬಿಟ್ಟಿಲ್ಲವೆಂದು ಹಿಡಿದರೆ, ನಾಲ್ಕಕ್ಕೆ ನಾಲ್ಕು. ಹೋಲಿಸಲು ಬೇರೆ ತರಗತಿ ಇಟ್ಟುಕೊಂಡಿರಲಿಲ್ಲ, ಹತ್ತರಲ್ಲಿ ಐದು ಅವಧಿ ಮಾತ್ರ ಸರಿಯಾಗಿ ನಡೆದವು, ಕೌಶಲ ಕಲಿಸುವುದರಿಂದ ಮನೆಯ ಗಾಳಿ ಬದಲಾಗುವುದಿಲ್ಲ ಎಂದು ಮೂರು ಪುಟ ಬರೆದರು.

ಗೈಡ್ ಅದನ್ನು ಒಂದು ಪ್ಯಾರಾಕ್ಕೆ ಇಳಿಸಿದರು. "ನೀವು ಹೇಳೋದು ನಿಜ, ಇಲ್ಲ ಅನ್ನಲ್ಲ. ಆದ್ರೆ ಪುಟದ ಮಿತಿ ಇದೆಯಮ್ಮ. ಮಧ್ಯೆ ಬಿಟ್ಟವರು ಒಬ್ಬರು ಅಂತ ಹಾಕಿ. ಓದೋರಿಗೆ ಅರ್ಥವಾಗುತ್ತೆ."

ಒಳ್ಳೆಯ ದರ್ಜೆಯೇ ಬಂತು. ಮುಖ್ಯೋಪಾಧ್ಯಾಯಿನಿ ಮೊದಲ ಲೆಕ್ಕವನ್ನಷ್ಟೇ ಆರಿಸಿಕೊಂಡು, ಅಮಲಿನ ಬಳಕೆ ಕಾಲು ಭಾಗ ಇಳಿಕೆ ಎಂದು ಮೇಲಿನವರಿಗೆ ವರದಿ ಕಳಿಸಿದರು. ಟೀಚರು ಹೋಗಿ ಜಗಳವಾಡಿದರು. ವರದಿ ಅಷ್ಟರಲ್ಲಿ ಹೋಗಿಯಾಗಿತ್ತು.

ಬೇಸಿಗೆ ರಜೆಯಲ್ಲಿ ಟೀಚರು ಮತ್ತೆ ಆ ಕೋಣೆಗೆ ಹೋದರು. ಲಾಯರಮ್ಮ ಈಗ ಗೋಡೆ ಹಿಡಿದು ನಾಲ್ಕು ಹೆಜ್ಜೆ ಇಡುತ್ತಿದ್ದಳು, ಪಾದ ನೆಲಕ್ಕೆ ಉಜ್ಜುತ್ತಿತ್ತು. ಪೇಪರ್ ನೋಡಬೇಕೆಂದು ಹಟ ಹಿಡಿದಳು. ಟೀಚರು ಚೀಲದಿಂದ ತೆಗೆದುಕೊಟ್ಟರು.

"ಇದರಲ್ಲಿ ನಾನೆಲ್ಲಿ ಬರ್ತೀನಿ ಮಿಸ್?"

ಟೀಚರು ಬೆರಳಿಟ್ಟು ತೋರಿಸಿದರು. ಅವಳು ಆ ಒಂದು ಸಾಲನ್ನು ಅಕ್ಷರ ಕೂಡಿಸಿ ಕೂಡಿಸಿ ಓದಿದಳು. ಮೊದಲಾಗಿದ್ದರೆ ಒಂದೇ ಉಸಿರಿನ ಕೆಲಸ.

"ಬಿಟ್ಟವರು ಅಂತ ಹಾಕಿದೀರ," ಎಂದಳು. "ನಾನೆಲ್ಲಿ ಬಿಟ್ಟೆ?"

ಟೀಚರು ಅವಳು ವಾದ ಮುಂದುವರಿಸಲೆಂದು ಕಾದರು. ಅವಳು ಹಾಳೆಗಳನ್ನು ವಾಪಸು ಕೊಟ್ಟು, ಡಬ್ಬವನ್ನು ಮಡಿಲ ಹತ್ತಿರಕ್ಕೆ ಎಳೆದುಕೊಂಡಳು. ತಾಯಿ ಎದ್ದು ಕಿಟಕಿ ಮುಚ್ಚಿದಳು. ಹೊರಗೆ ಗಾಳಿ ಎದ್ದಿತ್ತು, ಧೂಳು.