ಒಂದೇ ಕೊಂಬೆಯ ಫೋಟೋ

ಸರ್ವಮಂಗಳಮ್ಮನಿಗೆ ಸಿಟ್ಟು ಬಂದರೆ ಮೊದಲು ಸೆರಗು ಸೊಂಟಕ್ಕೆ ಹೋಗುತ್ತದೆ, ಆಮೇಲೆ ಬಾಯಿ ತೆರೆಯುತ್ತದೆ. ಆ ಭಾನುವಾರ ಬೆಳಿಗ್ಗೆ ಎರಡೂ ಒಟ್ಟಿಗೇ ಆದವು. ಲಿಂಗಪೂಜೆ ಮುಗಿಸಿ, ಬೆರಳಿನ ವಿಭೂತಿ ಒರೆಸಿಕೊಳ್ಳದೆ ಅಂಗಳಕ್ಕೆ ಬಂದರೆ, ಕಾಂಪೌಂಡಿನ ಮೂಲೆಯ ಬಿಳಿ ದಾಸವಾಳದ ಬುಡದಲ್ಲಿ ಕೂಲಿಗೆ ಬರುವ ಹೆಬ್ಬೂರಿನ ಗಂಗಹನುಮಯ್ಯ ಕುಕ್ಕರಗಾಲಲ್ಲಿ ಕೂತು ಮಚ್ಚು ಮಸೆಯುತ್ತಿದ್ದ.

"ಏನಯ್ಯಾ ಇದು? ಯಾರ್ ಹೇಳಿದ್ದು ನಿಂಗೆ?"

"ಚನ್ನೇಶಪ್ನೋರು ಕರ್ಸಿದ್ರು ಕಣಮ್ಮ. ಬುಡಕ್ಕೇ ಹಾಕು ಅಂದ್ರು."

ಚನ್ನೇಶ್ ಮೈದುನ. ತುಮಕೂರಿನ ಆ ಮನೆಯಲ್ಲಿ ಕೆಳಗೆ ಅವರು, ಮೇಲೆ ಇವನು. ಗೇಟು ಅಗಲ ಮಾಡಬೇಕು, ಕಾರು ಒಳಗೆ ಬರಬೇಕು ಎಂದು ಎರಡು ವರ್ಷದಿಂದ ಒಂದೇ ರಾಗ. ಅಡ್ಡ ಇದ್ದದ್ದು ಈ ಗಿಡ. ಕುಣಿಗಲ್ಲಿನ ತವರುಮನೆ ರಸ್ತೆ ಅಗಲೀಕರಣಕ್ಕೆ ಹೋದಾಗ, ಸರ್ವಮಂಗಳಮ್ಮ ಅಮ್ಮನ ಗಿಡದಿಂದ ಒಂದು ಕಡ್ಡಿ ಮುರಿದು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ತಂದಿದ್ದರು. ಆ ಮನೆಯದು ಅಂತ ಈಗ ಉಳಿದಿರುವುದು ಇದೊಂದೇ. ಗಂಡ ಚನ್ನವೀರಯ್ಯನವರಿಗೂ ಇದು ಗೊತ್ತು. ಆದರೆ ತಮ್ಮನ ವಿಷಯ ಬಂದರೆ ಅವರು ಪೇಪರಿನ ಹಿಂದೆ ಸೇರಿಕೊಳ್ಳುತ್ತಾರೆ. ಈಗಲೂ ಜಗಲಿಯಲ್ಲಿ ಪೇಪರು ಮಾತ್ರ ಕಾಣುತ್ತಿತ್ತು.

ಚನ್ನೇಶ್ ಹಲ್ಲುಜ್ಜುತ್ತಾ ಮೆಟ್ಟಿಲಿಳಿದು ಬಂದ. "ನನ್ ಮೇಲೆ ಯಾಕತ್ತಿಗೆ ಕೂಗಾಡ್ತೀರಾ? ಗೊತ್ತಿರೋರು ಏನ್ ಹೇಳ್ತಾರೋ ಹಂಗೇ ಮಾಡಾಣ ಅಂತ ನೀವೇ ಒಪ್ಪಿದ್ರಲ್ಲ."

ಒಪ್ಪಿದ್ದು ನಿಜ. ಸಂಕ್ರಾಂತಿ ಹೊತ್ತಿಗೆ ಗಿಡ ಎಲೆ ಉದುರಿಸಿ ಬೋಳಾಗಿ ನಿಂತಾಗ, ಗುಬ್ಬಿ ರಸ್ತೆಯ ನರ್ಸರಿಯ ರೂಪಶ್ರೀಗೆ ಫೋಟೋ ಕಳಿಸಿ ಕೇಳುವುದು ಎಂದಾಗಿತ್ತು. ನಿಟ್ಟೂರಿನ ಹುಡುಗಿ, ಗಿಡದ ವಿಷಯದಲ್ಲಿ ಸುಮ್ಮನೆ ಬಾಯಿಗೆ ಬಂದದ್ದು ಹೇಳುವವಳಲ್ಲ. ಫೋಟೋ ತೆಗೆದದ್ದು ಮಾತ್ರ ಚನ್ನೇಶ್.

"ನೀವೇ ಕೇಳ್ಕಳಿ," ಎಂದು ಅವನು ಫೋನು ಚಾಚಿದ. ರೂಪಶ್ರೀ ಕಳಿಸಿದ್ದ ವಾಯ್ಸ್ ಮೆಸೇಜಿನ ದನಿ ಬಂತು: "ಸರ್, ಕೊಂಬೆ ಕವಲಲ್ಲಿ ಬಿಳಿ ಕಾಣ್ತಿದೆಯಲ್ಲ, ಅದು ಹಿಟ್ಟು ತಿಗಣೆ ಥರ ಇದೆ, ಗಿಡದ ರಸ ಹೀರೋ ಹುಳ. ಕೊಂಬೆ ಹೋಗಿದೆ ಅನ್ಸುತ್ತೆ, ಕತ್ತರಿಸಿ ಸುಟ್ಟುಹಾಕ್ಬೇಕು..." ಚನ್ನೇಶ್ ಬೆರಳೊತ್ತಿ ನಿಲ್ಲಿಸಿದ. "ಕೇಳ್ಸ್ತಾ?"

ಸರ್ವಮಂಗಳಮ್ಮ ಫೋನು ಕಿತ್ತುಕೊಂಡು ಫೋಟೋ ನೋಡಿದರು. ಒಂದೇ ಒಂದು ಕೊಂಬೆ. ಕವಲಿನಲ್ಲಿ ಬೆಳ್ಳಗೆ ಮೂರು ಗೀಟು. ಅವರ ಮೈ ಉರಿದುಹೋಯಿತು.

"ತಿಗಣೆಯಂತೆ ತಿಗಣೆ! ಇದು ನನ್ನ ವಿಭೂತಿ ಕಣೋ! ದಿನಾ ಪೂಜೆ ಆದ್ಮೇಲೆ ಗಿಡಕ್ಕೆ ಹಚ್ಚೋದು ನೀನ್ ಕಂಡಿಲ್ವಾ? ಕಣ್ಣೆದುರಿಗೇ ಹಚ್ತೀನಲ್ಲೋ!"

ಹೂ ಕೊಡುವ ಗಿಡಕ್ಕೂ ಒಂದು ಪಾಲು ಎಂದು ಅವರ ಅಮ್ಮ ಹಚ್ಚುತ್ತಿದ್ದರು, ಇವರೂ ಹಚ್ಚುತ್ತಿದ್ದರು. ಚನ್ನೇಶ್ ಸಪ್ಪಗಾದ. ಅವನು ಸಪ್ಪಗಾದದ್ದು ನೋಡಿ ಅವರಿಗೆ ಇನ್ನೂ ಅನುಮಾನ ಬಂತು. ದನಿ ನಿಲ್ಲಿಸಿದ ಕಡೆಯೇ ಬೆರಳೊತ್ತಿದರು.

"...ಆದ್ರೆ ಫೋಟೋ ನೋಡಿ ಗ್ಯಾರಂಟಿ ಹೇಳಕ್ಕಾಗಲ್ಲ ಸರ್. ಚಳಿಗೋ, ನೀರಿಲ್ದೆನೋ ಎಲೆ ಉದುರ್ಸಿ ಸುಮ್ನೆ ನಿಂತಿದ್ರೂ ಹಿಂಗೇ ಕಾಣುತ್ತೆ. ಕತ್ತರಿ ಹಾಕೋ ಮುಂಚೆ ಸಿಪ್ಪೆ ಕೆರೆದು ನೋಡಿ. ಇಡೀ ಗಿಡದ್ದೊಂದು, ಹತ್ರದಿಂದೊಂದು ಫೋಟೋ ಹಾಕಿ. ಆಮೇಲೆ ಹೇಳ್ತೀನಿ."

ಗಂಗಹನುಮಯ್ಯ ಮಚ್ಚು ಮಸೆಯುವುದು ನಿಲ್ಲಿಸಿದ.

"ಅರ್ಧ ಕೇಳ್ಸಿ ನನ್ನ ಗಿಡ ಕಡಿಯಕ್ ಬಂದ್ಯಾ?" ಎಂದರು ಸರ್ವಮಂಗಳಮ್ಮ. "ದೀಪಾವಳಿಗೆ ಮುಂಚೆ ಬುಡಕ್ಕೆಲ್ಲಾ ಸಿಮೆಂಟ್ ಬಳಿಸಿದ್ಯಲ್ಲ, ನೀರು ಎಲ್ಲಿಂದ ಕುಡೀಬೇಕಿತ್ತೋ ಅದು? ಕತ್ತು ಹಿಸುಕಿ, ಉಸಿರಿಲ್ಲ ಅಂತ ಫೋಟೋ ತೆಗೆದು ಕಳಿಸ್ತೀಯಾ?"

ಅವನ ಉತ್ತರಕ್ಕೆ ಕಾಯದೆ ರೂಪಶ್ರೀಗೆ ಫೋನು ಹಚ್ಚಿದರು. ಅವಳಿಗೂ ಬಿಡಲಿಲ್ಲ. "ಏನಮ್ಮಾ, ವಿಭೂತಿ ನೋಡಿ ತಿಗಣೆ ಅಂತೀಯಲ್ಲ, ನೀನೆಂಥಾ ನರ್ಸರಿ ನಡೆಸ್ತೀಯಾ?"

"ವಿಭೂತಿನಾ?" ಎಂದಳು ರೂಪಶ್ರೀ. "ತಪ್ಪಾಯ್ತು ಅಮ್ಮ. ಆದ್ರೂ ಸಿಟ್ಟಲ್ಲಿ ತೀರ್ಮಾನ ಬೇಡ. ಉಗುರಲ್ಲಿ ಸಿಪ್ಪೆ ಕೆರೀರಿ. ಒಳಗೆ ಹಸಿರಿದ್ರೆ ಜೀವ ಇದೆ. ಕಂದು ಬಣ್ಣಕ್ಕೆ ಒಣಗಿದ್ರೆ ಇನ್ನಷ್ಟು ಕೆಳಗೆ ಕೆರೀರಿ. ಹಸಿರು ಎಲ್ಲಿ ಸಿಗುತ್ತೋ ಅಲ್ಲಿವರೆಗೂ ಗಿಡ ಬದುಕಿದೆ ಅಂತ."

ಸ್ಪೀಕರಿಗೆ ಹಾಕಿದ ಫೋನು ಗಂಗಹನುಮಯ್ಯನ ಕೈಗೆ ಹೋಯಿತು. ಸರ್ವಮಂಗಳಮ್ಮ ತುದಿಯ ಒಂದು ಕಡ್ಡಿ ಹಿಡಿದರು. ಲಟಕ್ಕೆಂದು ಮುರಿಯಿತು, ಒಳಗೆಲ್ಲಾ ಕಂದು. ಒಂದು ಗೇಣು ಕೆಳಗೆ ಕೆರೆದರು. ಅಲ್ಲಿ ಹಸಿರು, ಎಳೆ ಸೌತೆಕಾಯಿ ಸಿಪ್ಪೆಯಂಥ ಹಸಿ ಹಸಿರು. ಪಕ್ಕದ ಕೊಂಬೆ ಕೆರೆದರು, ಹಸಿರು. ಅದರ ಪಕ್ಕದ್ದೂ ಹಸಿರು. ಚಿಗುರೊಡೆಯುವ ಕಡೆಯ ಸಣ್ಣ ಉಬ್ಬು, ಗುಬುಟುಗಳು ಕೈಗೆ ಗಟ್ಟಿಯಾಗಿ ಹತ್ತಿದವು.

"ನೋಡೋ! ಕಣ್ ಬಿಟ್ಕೊಂಡ್ ನೋಡು! ನಿದ್ದೆ ಮಾಡ್ತಿರೋದಕ್ಕೆ ಗುಂಡಿ ತೋಡಕ್ಕೆ ಬಂದಿದ್ದೀಯಲ್ಲ!"

"ಅಮ್ಮ," ಎಂದಳು ರೂಪಶ್ರೀ, "ಫೋಟೋದಲ್ಲಿರೋ ಕೊಂಬೆ ನೋಡಿದ್ರಾ? ಆ ಬಿಳೀನ ಬೆರಳಲ್ಲಿ ಉಜ್ಜಿ. ಬೂದಿ ಆದ್ರೆ ಪುಡಿಯಾಗಿ ಉದುರುತ್ತೆ."

ಉಜ್ಜುವುದೇನು, ಗೊತ್ತಿರುವುದೇ. ಅವರು ಗೆದ್ದವರ ಠೀವಿಯಲ್ಲಿ ಕವಲಿಗೆ ಬೆರಳಿಟ್ಟು ಉಜ್ಜಿದರು. ಮೇಲಿನ ವಿಭೂತಿ ಪುಡಿಪುಡಿಯಾಗಿ ಉದುರಿತು. ಅದರ ಕೆಳಗೆ ಹತ್ತಿಯಂಥದ್ದೇನೋ ಇತ್ತು. ಬೆರಳಿಗೆ ಅಂಟು ಹತ್ತಿತು. ಹಿಂಡಿದಾಗ ನಸುಗೆಂಪು ರಸ. ಕೊಂಬೆಯ ಹಿಂಬದಿಯಲ್ಲಿ ಇರುವೆ ಸಾಲು, ತುದಿಯ ಚಿಗುರು ಮುದುಡಿ ಗಂಟು ಕಟ್ಟಿತ್ತು.

ಎಷ್ಟು ದಿನದಿಂದ? ದಿನಾ ಬೆಳಿಗ್ಗೆ ಬಂದು, ಕಣ್ಮುಚ್ಚಿ, ಹುಳದ ಮೇಲೆ ಬೂದಿ ಮುಚ್ಚಿ ಹೋಗಿದ್ದರು. ಬಿಳಿ ಕಂಡರೆ ತಾನೇ ಹಚ್ಚಿದ್ದು ಎಂದುಕೊಂಡಿದ್ದರು. ಅಮ್ಮನ ಗಿಡವನ್ನು ಚನ್ನೇಶ್ ಹೊರಗಿಂದ ಹಿಸುಕಿದ್ದರೆ, ನಾನು ಕೈಯಾರೆ ತಿಗಣೆ ಸಾಕಿದ್ದೆ ಎನ್ನಿಸಿ ಅವರಿಗೆ ತಮ್ಮ ಮೇಲೇ ಕೆಟ್ಟ ಸಿಟ್ಟು ಬಂತು.

ಚನ್ನೇಶನ ಮುಖ ಅರಳಿತು. "ಇದೆ ತಾನೇ ತಿಗಣೆ? ನಾನ್ ಹೇಳಿದ್ದೇ ಸರಿ ಆಯ್ತಲ್ಲ!"

"ಒಂದು ಕೊಂಬೇಲಿದೆ ಸರ್," ಎಂದಳು ರೂಪಶ್ರೀ ಫೋನಿನಿಂದಲೇ. ಅವಳ ದನಿಯೂ ಬಿಸಿಯಾಗಿತ್ತು. "ಅದನ್ನ ತೆಗೆದು ಸುಡಿ. ಮಿಕ್ಕಿದ್ದಕ್ಕೆ ಸೋಪಿನ ನೀರು, ಬೇವಿನೆಣ್ಣೆ ಹೊಡೀರಿ. ನಾನು ಗಿಡ ಕಡೀರಿ ಅಂತ ಎಲ್ಲೂ ಹೇಳಿಲ್ಲ. ಇದಕ್ಕೆ ನನ್ನ ಹೆಸರು ಎಳೀಬೇಡಿ."

ಗಂಗಹನುಮಯ್ಯ ಮಚ್ಚೆತ್ತಿದ. ಸರ್ವಮಂಗಳಮ್ಮ ಅವನನ್ನು ಅಲ್ಲೇ ತಡೆದು, ಒಳಗೆ ಹೋಗಿ ಕೈಗೆ ಸೋಪು ಹಾಕಿ ತೊಳೆದರು. ಉಗುರಿನ ಸಂದಿಯ ವಿಭೂತಿಯೂ ಹೋಗುವಂತೆ ತೊಳೆದರು. ಗಿಡ ಕತ್ತರಿಸುವ ಕತ್ತರಿಗೆ ಡೆಟಾಲ್ ಒರೆಸಿಕೊಂಡು ಬಂದರು. ತಿಗಣೆ ಹತ್ತಿದ ಕೊಂಬೆಯನ್ನು ಮೇಲಿಂದ ಕೆರೆಯುತ್ತಾ ಬಂದು, ಹಸಿರು ಸಿಕ್ಕಿ, ಹುಳ ಇಲ್ಲದ ಜಾಗ ನೋಡಿ, ಒಂದು ಗುಬುಟಿನ ಮೇಲೆ ಓರೆಯಾಗಿ ಕತ್ತರಿ ಹಾಕಿದರು. ಕಣ್ಣು ತುಂಬಿ ಬಂತು, ಕೈ ಅಲುಗಲಿಲ್ಲ. ಕೊಂಬೆ ಚೀಲಕ್ಕೆ ಬಿತ್ತು.

"ಗಂಗಹನುಮಯ್ಯ, ಮಚ್ಚು ಒಳಗಿಡು. ಹಾರೆ ತಗೋ. ಬುಡದ ಸುತ್ತ ಸಿಮೆಂಟ್ ಒಡಿ."

"ಎಷ್ಟಗಲ ಅಮ್ಮ?"

"ಕಾರು ಬರದಷ್ಟು."

ಜಗಲಿಯಲ್ಲಿ ಪೇಪರು ಮಡಚಿದ ಸದ್ದಾಯಿತು. ಚನ್ನವೀರಯ್ಯ ಎದ್ದು ಬಂದು, ಯಾರ ಮುಖವನ್ನೂ ನೋಡದೆ, ಮೂಲೆಯ ಹಾರೆ ತಂದು ಗಂಗಹನುಮಯ್ಯನ ಕೈಗೆ ಕೊಟ್ಟರು.

ಚನ್ನೇಶ್ ಬ್ರಷ್ ಹಿಡಿದುಕೊಂಡು ನಿಂತೇ ಇದ್ದ. ಸರ್ವಮಂಗಳಮ್ಮ ಅವನ ಫೋನನ್ನು ವಾಪಸು ಕೈಗಿಟ್ಟು, ಕತ್ತರಿಸಿದ ಗಾಯವನ್ನು ತೋರಿಸಿದರು. ನಡುವೆ ಬಿಳಿ ತಿರುಳು, ಸುತ್ತ ಹಸಿರು ಉಂಗುರ, ಒಂದು ಹನಿ ನೀರು.

"ಈಗ ತೆಗಿ ಫೋಟೋ," ಎಂದರು.