ಮುನ್ನೂರನೇ ಪುಟದ ಅಜ್ಜ

ನಾನು ಒಂದು ಪುಟ್ಟ ಪ್ರಕಾಶನದಲ್ಲಿ ಕರಡು ತಿದ್ದುವವಳು. ಆವತ್ತು ಕಾದಂಬರಿಕಾರರಿಗೆ ಅವರ ಕರಡನ್ನು ಮೇಲ್ ಮಾಡಬೇಕಿತ್ತು. ಆ ಹಾಳು ಕಂಪ್ಯೂಟರ್ ಮೊದಲಕ್ಷರ ಒತ್ತುತ್ತಲೇ ತಾನೇ ವಿಳಾಸ ತುಂಬಿತು. ನಾನು ನೋಡದೆ ಕಳಿಸಿಬಿಟ್ಟೆ. ಹೋದದ್ದು ಅವರ ಮುಖ ಕಂಡರಾಗದ ವಿಮರ್ಶಕರಿಗೆ!

ಓಡಿಹೋಗಿ ಪ್ರಕಾಶನದ ಯಜಮಾನಿಗೆ ಹೇಳಿದೆ.

"ಹೊರಗಿನವರಿಗೆ ಹೋಗಿದ್ದು ವಾಪಸ್ ಬರಲ್ಲ ಕಣಮ್ಮಾ, ಸುಮ್ನೆ ಒದ್ದಾಡ್ಬೇಡ. ಈಗ್ಲೇ ಅವರಿಗೆ ಹೊಸ ಮೇಲ್ ಬರಿ. ಕರಡು ಮತ್ತೆ ಅಂಟ್ಕೊಂಡು ಹೋಗ್ಬಾರ್ದು."

ನಾನು ಅರ್ಧ ಪುಟ ಗೋಳು ತೋಡಿಕೊಂಡೆ. "ಇಷ್ಟುದ್ದ ಪುರಾಣ ಯಾಕೆ?" ಎಂದು ಅವರು ಸಿಡುಕಿ ಎಲ್ಲ ಹೊಡೆದುಹಾಕಿಸಿದರು. ಉಳಿದದ್ದು ಇಷ್ಟು:

"ನಮಸ್ಕಾರ. ಈಗಷ್ಟೇ ನಿಮಗೆ ಬಂದ ಕರಡು ಬೇರೊಬ್ಬರದು. ನನ್ನ ತಪ್ಪಿನಿಂದ ಬಂದಿದೆ, ಕ್ಷಮಿಸಿ. ದಯವಿಟ್ಟು ಓದದೆ ಅಳಿಸಿ, ಅಳಿಸಿದ ಮೇಲೆ ಒಂದು ಸಾಲು ತಿಳಿಸಿ."

ಆಮೇಲೆ ಕಾದಂಬರಿಕಾರರಿಗೆ ಫೋನ್ ಮಾಡಿ ತಪ್ಪೊಪ್ಪಿಕೊಂಡೆ.

"ಊರಲ್ಲಿ ಇಷ್ಟು ಜನ ಇದ್ರೂ ಆ ಆಸಾಮಿಗೇ ಕಳಿಸಬೇಕಿತ್ತೇನಮ್ಮಾ?" ಎಂದು ರೇಗಿದರು. ವಿಳಾಸವನ್ನು ಎರಡು ಸಲ ನೋಡಿ ಅವರಿಗೆ ಕರಡು ಕಳಿಸಿದೆ.

ಮರುದಿನ ಬೆಳಿಗ್ಗೆ ವಿಮರ್ಶಕರ ಉತ್ತರ ಬಂತು: "ಓದದೆಯೇ ಅಳಿಸಿದ್ದೇನೆ, ಚಿಂತೆ ಬೇಡ. ಅಂದಹಾಗೆ, ಐವತ್ತನೇ ಪುಟದಲ್ಲಿ ಸತ್ತ ಅಜ್ಜ ಮುನ್ನೂರನೇ ಪುಟದಲ್ಲಿ ಕಾಫಿ ಕುಡಿಯುತ್ತಿದ್ದಾನೆ."

ಮೂರು ಸಲ ತಿದ್ದಿದ ನನ್ನ ಕಣ್ಣಿಗೆ ಬೀಳದ ಅಜ್ಜ! ಯಜಮಾನಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಅಳುಕುತ್ತಲೇ ಕಾದಂಬರಿಕಾರರಿಗೆ ಉತ್ತರ ಓದಿ ಹೇಳಿದೆ.

ಅವರು ಮಗುವಿನ ಹಾಗೆ ಹಿಗ್ಗಿ ಕೇಳಿದರು: "ಮುನ್ನೂರನೇ ಪುಟದವರೆಗೂ ಓದಿದ್ನಾ?"